‘ದೇವಾಲಯ’ವು ‘ಟೆಂಪಲ್’ ಆದಾಗ: ಮದುವೆಯ ಕರೆಯೋಲೆಯ ಇಂಗ್ಲಿಷ್ ರೂಪ

ನಮ್ಮ ಕುಟುಂಬಗಳ ಮಕ್ಕಳು ವ್ಯಾಸಂಗಕ್ಕೋ ಉದ್ಯೋಗಕ್ಕೋ ಹೊರದೇಶಗಳಿಗೆ ಹೋಗಿ ನೆಲೆಸಿರುವುದರಿಂದ ಮದುವೆಯ ಕರೆಯೋಲೆ ಇಂದು ಎರಡು ಭಾಷೆಗಳಲ್ಲಿ ಅಚ್ಚಾಗುತ್ತಿದೆ. ಕನ್ನಡದ ಪುಟ ಬಂಧುಬಳಗಕ್ಕೆ; ಇಂಗ್ಲಿಷಿನ ಪುಟ ವಿದೇಶದ ಸ್ನೇಹಿತರಿಗೆ, ಸಹೋದ್ಯೋಗಿಗಳಿಗೆ. ಈ ಎರಡನೆಯ ಪುಟವನ್ನು ಸಾಮಾನ್ಯವಾಗಿ ಮುದ್ರಣಾಲಯದವರ ವಶಕ್ಕೆ ಒಪ್ಪಿಸಿಬಿಡುತ್ತೇವೆ. ಅವರು ನಿಘಂಟನ್ನು ಮುಂದಿಟ್ಟುಕೊಂಡು ಪದಕ್ಕೆ ಪದ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಮಾದರಿ ವಾಕ್ಯದ ಮೂಲಕ ಪರಿಶೀಲಿಸೋಣ.

“ಪರಮ ಪಿತನ ಕೃಪೆಯಿಂದ ನಮ್ಮ ಜ್ಯೇಷ್ಠ ಪುತ್ರಿ ಚಿ. ಸೌ. ಇಂಥವಳ ವಿವಾಹ ಸಂಸ್ಕಾರವು ಶುಭ ಮುಹೂರ್ತದಲ್ಲಿ, ಬೆಳಿಗ್ಗೆ 10.30ಕ್ಕೆ, ಸಂತ ಜೋಸೆಫರ ದೇವಾಲಯದಲ್ಲಿ, ವಂದನೀಯ ಸ್ವಾಮಿಗಳು ಅರ್ಪಿಸುವ ದಿವ್ಯ ಬಲಿಪೂಜೆಯಲ್ಲಿ, ಮಾಂಗಲ್ಯಧಾರಣೆಯೊಂದಿಗೆ ನೆರವೇರುವುದು.”

ಕನ್ನಡದ ಕಥೋಲಿಕರಿಗೆ ಇದರಲ್ಲಿ ಅಸ್ಪಷ್ಟವಾದುದು ಏನೂ ಇಲ್ಲ. ಆದರೆ ‘ದೇವಾಲಯ’ವು ‘ಟೆಂಪಲ್’ ಎಂದೂ, ‘ಬಲಿಪೂಜೆ’ಯು ‘ಸ್ಯಾಕ್ರಿಫೀಸ್ ಪೂಜಾ’ ಎಂದೂ, ‘ಸ್ವಾಮಿಗಳು’ ‘ಸ್ವಾಮಿ’ ಎಂದೂ ಆದಲ್ಲಿ, ಐರ್ಲೆಂಡಿನಲ್ಲಿ ಕುಳಿತು ಓದುವ ಅತಿಥಿಯ ಮನಸ್ಸಿನಲ್ಲಿ ಬೇರೆಯೇ ಧರ್ಮದ ಚಿತ್ರ ಮೂಡುತ್ತದೆ. ಆತ ಸ್ವತಃ ಕಥೋಲಿಕನಾಗಿದ್ದರೂ, ತಾನು ಪ್ರತಿ ಭಾನುವಾರ ಪಾಲ್ಗೊಳ್ಳುವ ಆರಾಧನೆಯೇ ಇದೆಂದು ಗುರುತಿಸಲಾರ. ಈ ಪದಗಳು ನಮ್ಮ ನೆಲದಲ್ಲಿ ಕ್ರೈಸ್ತ ಅರ್ಥವನ್ನು ಪಡೆದುಕೊಂಡಿವೆ. ಆ ಅರ್ಥಕ್ಕೆ ಇಂಗ್ಲಿಷಿನಲ್ಲಿ ಆಗಲೇ ನೆಲೆನಿಂತ ಹೆಸರುಗಳಿವೆ. ಅಲ್ಲಿ ದೇವಾಲಯವೆಂದರೆ ‘ಚರ್ಚ್’, ಮದುವೆಯ ಬಲಿಪೂಜೆಯೆಂದರೆ ‘ನಪ್ಷಿಯಲ್ ಮಾಸ್’, ವಂದನೀಯ ಸ್ವಾಮಿಗಳೆಂದರೆ ‘ರೆವರೆಂಡ್ ಫಾದರ್’. ಇವುಗಳಿಗೆ ಹೊಸ ಪದ ಹುಡುಕುವ ಅಗತ್ಯವಿಲ್ಲ.

‘ಶುಭ ಮುಹೂರ್ತ’ದ ಮಾತು ಬೇರೆ. ಕನ್ನಡದಲ್ಲಿ ಅದು ಬಹುಮಟ್ಟಿಗೆ ಒಂದು ಮಂಗಳಕರ ನುಡಿಯಾಗಿ ಉಳಿದಿದೆ. ‘ಆಸ್ಪಿಶಸ್ ಅವರ್’ ಎಂದು ಅನುವಾದಿಸಿದರೆ, ಗ್ರಹಗತಿ ನೋಡಿ ಸಮಯ ನಿಗದಿಪಡಿಸಲಾಗಿದೆ ಎಂಬ ನಿಶ್ಚಿತ ಹೇಳಿಕೆಯಾಗಿಬಿಡುತ್ತದೆ. ನಾವು ಹೇಳದ ಮಾತನ್ನು ಅನುವಾದ ಹೇಳಬಾರದು. ಗಂಟೆಯನ್ನಷ್ಟೇ ಕೊಟ್ಟರೆ ಸಾಕು. ‘ಚಿ. ಸೌ.’ ಎಂಬ ಹಿರಿಯರ ಹರಕೆಯೂ ಇಂಗ್ಲಿಷಿಗೆ ದಾಟುವಂಥದ್ದಲ್ಲ. ಅಲ್ಲಿ ವಧುವಿನ ಹೆಸರೊಂದೇ ಗೌರವಯುತವಾಗಿ ನಿಲ್ಲುತ್ತದೆ.

ಈಗ ‘ವಿವಾಹ ಸಂಸ್ಕಾರ’ಕ್ಕೆ ಬರೋಣ. ಇಲ್ಲಿ ಪದವನ್ನು ಆರಿಸುವ ಮುನ್ನ ವಧೂವರರು ಯಾರೆಂಬುದನ್ನು ತಿಳಿದಿರಬೇಕು. ಕನ್ನಡದ ‘ಸಂಸ್ಕಾರ’ ವಿಶಾಲವಾದ ಪದ. ಅಂತ್ಯಕ್ರಿಯೆಯನ್ನೂ ನಾವು ಅಂತ್ಯಸಂಸ್ಕಾರ ಎನ್ನುತ್ತೇವೆ. ಇಂಗ್ಲಿಷಿನ ‘ಸ್ಯಾಕ್ರಮೆಂಟ್’ ಆದರೋ ಧರ್ಮಸಭೆಯ ಬಾಯಲ್ಲಿ ಏಳು ಅನುಗ್ರಹ ಸಂಸ್ಕಾರಗಳಿಗೆ ಮಾತ್ರ ಸಲ್ಲುತ್ತದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1055ನೆಯ ವಿಧಿಯಂತೆ, ದೀಕ್ಷಾಸ್ನಾನ ಪಡೆದ ಇಬ್ಬರ ನಡುವಿನ ವಿವಾಹ ಒಡಂಬಡಿಕೆಯನ್ನು ಕ್ರಿಸ್ತರು ಸಂಸ್ಕಾರದ ಘನತೆಗೆ ಏರಿಸಿದ್ದಾರೆ. ಇಬ್ಬರೂ ಕ್ರೈಸ್ತರಾಗಿದ್ದರೆ ‘ಸ್ಯಾಕ್ರಮೆಂಟ್ ಆಫ್ ಮ್ಯಾಟ್ರಿಮನಿ’ ಎನ್ನುವುದು ಯುಕ್ತ. ವರನು ದೀಕ್ಷಾಸ್ನಾನ ಪಡೆಯದವನಾಗಿದ್ದು, ಧರ್ಮಾಧ್ಯಕ್ಷರ ಅಧಿಕಾರದಿಂದ ವಿನಾಯಿತಿ ಪಡೆದು ದೇವಾಲಯದಲ್ಲಿ ಮದುವೆ ನಡೆಯುವುದಾದರೆ, ಆ ವಿವಾಹ ಸಿಂಧುವಾದುದು, ಆದರೆ ಸಂಸ್ಕಾರವಲ್ಲ. ಅದನ್ನು ಸಾಮಾನ್ಯವಾಗಿ ಬಲಿಪೂಜೆಯಿಲ್ಲದೆ, ದೇವರ ವಾಕ್ಯದ ವಾಚನದೊಡನೆ ಆಚರಿಸಲಾಗುತ್ತದೆ. ಆಗ ‘ಸೆಲೆಬ್ರೇಷನ್ ಆಫ್ ಮ್ಯಾರೇಜ್’ ಎಂದು ಬರೆಯಬೇಕು. ‘ನಪ್ಷಿಯಲ್ ಮಾಸ್’ ಎಂಬ ಸಾಲನ್ನೂ ಬಿಡಬೇಕು. ಮತ್ತೊಬ್ಬರ ಕರೆಯೋಲೆಯನ್ನು ನಕಲು ಮಾಡುವಾಗ ತಪ್ಪು ನುಸುಳುವುದು ಇಲ್ಲಿಯೇ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಪದ ‘ಮಾಂಗಲ್ಯಧಾರಣೆ’. ನಮ್ಮಲ್ಲಿ ‘ಹತ್ತೂವರೆಗೆ ಮಾಂಗಲ್ಯಧಾರಣೆ’ ಎಂದರೆ ಇಡೀ ಮದುವೆಯೇ ಎಂದು ಎಲ್ಲರೂ ತಿಳಿಯುತ್ತಾರೆ. ಭಾಗದ ಹೆಸರಿನಿಂದ ಪೂರ್ಣವನ್ನು ಕರೆಯುವುದು ನಮ್ಮ ವಾಡಿಕೆ. ಹೊರದೇಶದ ಅತಿಥಿಗೆ ಈ ವಾಡಿಕೆ ತಿಳಿಯದು. ಆತ ಅದನ್ನು ಮದುವೆಗೆ ಮುಂಚಿನ ಯಾವುದೋ ಮನೆಯ ಶಾಸ್ತ್ರವೆಂದು ಭಾವಿಸಿ ಬಲಿಪೂಜೆ ಮುಗಿಯುವ ವೇಳೆಗೆ ಬರಬಹುದು. ಅಥವಾ ವಧುವಿನ ಕೊರಳಿಗೆ ದಾರ ಬಿಗಿಯುವುದರಲ್ಲೇ ಮದುವೆ ಅಡಗಿದೆಯೆಂದೂ, ಹೆಣ್ಣು ಗಂಡಿನ ಸ್ವತ್ತಾದಳೆಂಬುದಕ್ಕೆ ಅದು ಗುರುತೆಂದೂ ಭಾವಿಸಬಹುದು. ಎರಡನೆಯ ಭಾವನೆ ಮೊದಲಿನದಕ್ಕಿಂತ ಗಂಭೀರವಾದುದು.

ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ: ಮದುವೆಯನ್ನು ಉಂಟುಮಾಡುವುದು ಇಬ್ಬರ ಸ್ವತಂತ್ರ ಸಮ್ಮತಿ. 1057ನೆಯ ವಿಧಿ ಇದನ್ನೇ ಹೇಳುತ್ತದೆ. ಲತೀನ್ ಧರ್ಮಸಭೆಯಲ್ಲಿ ವಧೂವರರೇ ಈ ಸಂಸ್ಕಾರವನ್ನು ಪರಸ್ಪರ ನೀಡುವವರು. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಅವರ ಸಮ್ಮತಿಯನ್ನು ಕೇಳಿ ಸ್ವೀಕರಿಸುತ್ತಾರೆ. ಆ ಬಳಿಕ ಉಂಗುರವೂ ತಾಳಿಯೂ ಆಶೀರ್ವದಿಸಲ್ಪಡುತ್ತವೆ. ತಾಳಿ ಆ ಸಮ್ಮತಿಯ ಗುರುತು, ಸಮ್ಮತಿಗೆ ಬದಲಿಯಲ್ಲ.

ಈ ಗುರುತು ನಮ್ಮ ಆರಾಧನೆಯೊಳಗೆ ಸುಲಭವಾಗಿ ಬಂದುದಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್‌ರವರು ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆ ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್‌ಗಳಿಗೆ ಅನ್ವಯಿಸಿತ್ತು. ಗಣಪತಿಯ ಬಿಂಬವುಳ್ಳ ತಾಳಿಯನ್ನು ಅದು ನಿಷೇಧಿಸಿತು. ಶಿಲುಬೆಯ ಅಥವಾ ಕ್ರಿಸ್ತರ, ಮರಿಯಮ್ಮನವರ ಚಿತ್ರವುಳ್ಳದ್ದಕ್ಕೆ ಅವಕಾಶವಿತ್ತಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾ ಸಂವಿಧಾನದ 77ನೆಯ ಪರಿಚ್ಛೇದದಲ್ಲಿ, ವಿವಾಹದಲ್ಲಿ ರೂಢಿಯಲ್ಲಿರುವ ಪ್ರಶಂಸನೀಯ ಸ್ಥಳೀಯ ಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದು ಬಯಸಿತು. ಇಷ್ಟು ಇತಿಹಾಸವುಳ್ಳ ವಸ್ತುವನ್ನು ‘ವೆಡ್ಡಿಂಗ್ ನೆಕ್ಲೆಸ್’ ಎಂದುಬಿಟ್ಟರೆ ಅದು ಕೇವಲ ಒಡವೆಯಾಗುತ್ತದೆ. ಏನನ್ನೂ ವಿವರಿಸದೆ ‘ಮಾಂಗಲ್ಯಧಾರಣಾ’ ಎಂದೇ ಅಚ್ಚುಹಾಕಿದರೆ ಒಗಟಾಗುತ್ತದೆ.

ಹಾಗಾದರೆ ದಾರಿ ಯಾವುದು? ಪೂರ್ಣಕ್ಕೆ ಪರಿಚಿತ ಹೆಸರನ್ನು ಕೊಟ್ಟು, ಭಾಗದ ಹೆಸರನ್ನು ನಮ್ಮ ಭಾಷೆಯಲ್ಲೇ ಉಳಿಸಿ, ಅದು ಏನನ್ನು ಸೂಚಿಸುತ್ತದೆಂದು ಒಂದೇ ವಾಕ್ಯದಲ್ಲಿ ತಿಳಿಸುವುದು. ನಮ್ಮ ಮಾದರಿ ವಾಕ್ಯದ ಇಂಗ್ಲಿಷ್ ಪುಟದಲ್ಲಿ ಆಹ್ವಾನದ ಸಾಲು ವಧೂವರರ ವಿವಾಹ ಸಂಸ್ಕಾರಕ್ಕೆ, ಸೇಂಟ್ ಜೋಸೆಫ್ಸ್ ಚರ್ಚ್‌ನಲ್ಲಿ 10.30ಕ್ಕೆ ಆರಂಭವಾಗುವ ನಪ್ಷಿಯಲ್ ಮಾಸ್‌ಗೆ ಕರೆಯಲಿ. ಬಲಿಪೂಜೆಯೇ ಮದುವೆಯ ಸಮಾರಂಭ ಎಂಬುದು ಅದರಿಂದ ಮನದಟ್ಟಾಗುತ್ತದೆ. ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಈ ಅರ್ಥದ ಟಿಪ್ಪಣಿ ಇರಲಿ: “ವಧೂವರರು ಪರಸ್ಪರ ಸಮ್ಮತಿಯನ್ನು ಘೋಷಿಸಿದ ಬಳಿಕ, ಶಿಲುಬೆಯ ಗುರುತುಳ್ಳ, ಆಶೀರ್ವದಿಸಿದ ತಾಳಿಯನ್ನು ವರನು ವಧುವಿಗೆ ಕಟ್ಟುತ್ತಾನೆ, ಉಂಗುರದಂತೆ ಇದೂ ಜೀವನಪರ್ಯಂತದ ನಿಷ್ಠೆಯ ಗುರುತು.” ‘ಉಂಗುರದಂತೆ’ ಎಂಬ ಒಂದು ಮಾತು ಅತಿಥಿಯನ್ನು ಆತನಿಗೆ ಗೊತ್ತಿರುವಲ್ಲಿಂದ ಗೊತ್ತಿಲ್ಲದೆಡೆಗೆ ಕೈಹಿಡಿದು ನಡೆಸುತ್ತದೆ. ನಿಮ್ಮ ಮನೆಯ ತಾಳಿಯಲ್ಲಿ ಶಿಲುಬೆಯ ಬದಲು ಪಾರಿವಾಳವಿದ್ದರೆ ಹಾಗೆಯೇ ಬರೆಯಿರಿ.

ಪರಮ ಪ್ರಸಾದದ ವಿಷಯದಲ್ಲಿಯೂ ಒಂದು ಸಾಲು ಅಗತ್ಯ. ‘ಪ್ರಸಾದ’ವೆಂದರೆ ಬಂದವರೆಲ್ಲರಿಗೂ ಹಂಚುವಂಥದ್ದೆಂದು ಅನ್ಯಧರ್ಮೀಯ ಅತಿಥಿ ಭಾವಿಸುವುದು ಸಹಜ. ಇಂಗ್ಲಿಷಿನಲ್ಲಿ ಅದನ್ನು ‘ಹೋಲಿ ಕಮ್ಯೂನಿಯನ್’ ಎಂದೇ ಕರೆದು, ಸಿದ್ಧರಾಗಿರುವ ಕಥೋಲಿಕರು ಸ್ವೀಕರಿಸುತ್ತಾರೆ, ಉಳಿದವರು ತಮ್ಮ ಸ್ಥಳದಲ್ಲಿದ್ದು ಪ್ರಾರ್ಥನೆಯಲ್ಲಿ ಒಂದಾಗಬೇಕೆಂದು ವಿನಂತಿ ಎಂದು ತಿಳಿಸಿದರೆ, ಸಾಲಿನಲ್ಲಿ ಬಂದವರನ್ನು ಹಿಂದಕ್ಕೆ ಕಳುಹಿಸುವ ಮುಜುಗರ ಇಬ್ಬರಿಗೂ ತಪ್ಪುತ್ತದೆ.

ಪ್ರಿಯ ಓದುಗರೇ, ಅಚ್ಚಿಗೆ ಕೊಡುವ ಮುನ್ನ ಇಂಗ್ಲಿಷ್ ಪುಟವನ್ನು ನಮ್ಮ ಪದ್ಧತಿಗಳ ಪರಿಚಯವಿಲ್ಲದ ಒಬ್ಬರ ಕೈಗೆ ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಿ: ಮದುವೆ ಎಲ್ಲಿ ನಡೆಯುತ್ತದೆ? ನೀವು ಎಷ್ಟು ಗಂಟೆಗೆ ಬರಬೇಕು? ತಾಳಿ ಏನನ್ನು ಸೂಚಿಸುತ್ತದೆ? ಮೂರಕ್ಕೂ ಸರಿಯಾದ ಉತ್ತರ ದೊರೆತರೆ ಮುದ್ರಣಾಲಯಕ್ಕೆ ಕಳುಹಿಸಿ. ಕಳುಹಿಸುವ ಮುನ್ನ ಒಂದು ಪ್ರತಿಯನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೂ ತೋರಿಸಿ. ಸಂಸ್ಕಾರವೋ ಆಚರಣೆಯೋ, ಬಲಿಪೂಜೆಯುಂಟೋ ಇಲ್ಲವೋ ಎಂಬುದನ್ನು ಖಚಿತಪಡಿಸಬೇಕಾದವರು ಅವರೇ.