ಅರವತ್ತಕ್ಕೆ ಅರಳುಮರಳು: ಲೆಕ್ಕ ತಪ್ಪಿದ್ದೆಲ್ಲಿ?

ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆಗೆ ಇಪ್ಪತ್ತನೇ ಶತಮಾನದ ಮೊದಲರ್ಧದ ಮನೋವಿಜ್ಞಾನಿಗಳು ಅಂಕಿಅಂಶಗಳ ಮುದ್ರೆ ಒತ್ತಿದ್ದರು. ಅರವತ್ತರವರೆಗೆ ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ನಡೆಸಿದ ಬುದ್ಧಿಪರೀಕ್ಷೆಗಳಲ್ಲಿ ವಯಸ್ಸು ಹೆಚ್ಚಿದವರ ಅಂಕ ಕಡಿಮೆಯಿತ್ತು. 1939ರಲ್ಲಿ ಡೇವಿಡ್ ವೆಕ್ಸ್ಲರ್ ಪ್ರಕಟಿಸಿದ ವಯಸ್ಕರ ಪರೀಕ್ಷೆಯಲ್ಲೂ ಅದೇ ಕಂಡಿತು. ಬುದ್ಧಿ ಇಪ್ಪತ್ತರ ಹರೆಯದಲ್ಲಿ ತುದಿ ಮುಟ್ಟುತ್ತದೆ, ಮೂವತ್ತರ ಆಸುಪಾಸಿನಿಂದ ಇಳಿಯುತ್ತದೆ ಎಂಬ ಮಾತು ಪಠ್ಯಪುಸ್ತಕ ಸೇರಿತು.

ಆದರೆ ಬೇರೊಂದು ಬಗೆಯ ಅಧ್ಯಯನ ಬೇರೆಯದನ್ನೇ ಹೇಳಿತು. 1919ರಲ್ಲಿ ಅಯೋವಾದ ಕಾಲೇಜೊಂದಕ್ಕೆ ಸೇರಿದ ಹುಡುಗರು ಸೇನೆಯ ಅದೇ ಪರೀಕ್ಷೆ ಬರೆದಿದ್ದರು. ಅವರಲ್ಲಿ 127 ಮಂದಿಯನ್ನು ವಿಲಿಯಂ ಓವೆನ್ಸ್ ಎಂಬ ಸಂಶೋಧಕ ಸುಮಾರು ಮೂವತ್ತು ವರ್ಷಗಳ ಮೇಲೆ ಹುಡುಕಿ, ಅದೇ ಪರೀಕ್ಷೆ ಮತ್ತೆ ಕೊಟ್ಟ. ಐವತ್ತರ ಅಂಚಿನಲ್ಲಿದ್ದ ಅವರ ಒಟ್ಟು ಅಂಕ ಇಳಿದಿರಲಿಲ್ಲ, ಬದಲಿಗೆ ಏರಿತ್ತು. ಎರಡೂ ಕಡೆ ಲೆಕ್ಕದಲ್ಲಿ ಮೋಸವಿರಲಿಲ್ಲ. ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು.

ವೆಕ್ಸ್ಲರ್ ಅನುಸರಿಸಿದ್ದು ಅಡ್ಡಛೇದ ವಿಧಾನ. ಒಂದೇ ಕಾಲಕ್ಕೆ ಬೇರೆ ಬೇರೆ ವಯಸ್ಸಿನವರನ್ನು ಪರೀಕ್ಷಿಸಿ, ಇಪ್ಪತ್ತರವರನ್ನು ಅರವತ್ತರವರ ಜೊತೆ ಹೋಲಿಸುವುದು. ಓವೆನ್ಸ್‌ನದು ದೀರ್ಘಾವಧಿ ವಿಧಾನ. ಅವೇ ಜನರನ್ನು ವರ್ಷಗಳ ಕಾಲ ಹಿಂಬಾಲಿಸುವುದು. ಮೊದಲನೆಯದು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಸಂಶೋಧಕನ ಅರ್ಧ ಆಯುಸ್ಸೇ ಬೇಕು. ಮೊದಲನೆಯದೇ ಹೆಚ್ಚು ನಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಜಗಳವನ್ನು ಬಿಡಿಸಲು ಹೊರಟವನು ಕೆ. ವಾರ್ನರ್ ಶಾಯ್. 1956ರಲ್ಲಿ, ಇನ್ನೂ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗಲೇ, ಸಿಯಾಟಲ್‌ನ ಆರೋಗ್ಯ ಸಹಕಾರ ಸಂಸ್ಥೆಯೊಂದರ ಸದಸ್ಯರಲ್ಲಿ 500 ಜನರನ್ನು ಆರಿಸಿದ. ಇಪ್ಪತ್ತು ದಾಟಿದವರಿಂದ ಹಿಡಿದು ಎಪ್ಪತ್ತರ ಹತ್ತಿರದವರವರೆಗೆ ಎಲ್ಲರೂ ಅದರಲ್ಲಿದ್ದರು. ಪದಗಳ ಅರ್ಥ, ತರ್ಕ, ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಕೂಡುವ ಕಳೆಯುವ ಲೆಕ್ಕ, ಪದಗಳನ್ನು ಬೇಗ ನೆನಪಿಗೆ ತರುವುದು, ಇಷ್ಟು ಸಾಮರ್ಥ್ಯಗಳನ್ನು ಅಳೆದ. ಏಳು ವರ್ಷ ಕಳೆದು 1963ರಲ್ಲಿ ಅವರಲ್ಲೇ 303 ಮಂದಿಯನ್ನು ಮತ್ತೆ ಪರೀಕ್ಷಿಸಿದ. ಅದರ ಜೊತೆಗೆ, ಅದೇ ಸಂಸ್ಥೆಯ ಸದಸ್ಯರಿಂದ ಸುಮಾರು ಸಾವಿರ ಹೊಸಬರನ್ನೂ ಸೇರಿಸಿಕೊಂಡ. ಮುಂದೆ ಏಳೇಳು ವರ್ಷಕ್ಕೊಮ್ಮೆ ಇದೇ ಕ್ರಮ ದಶಕಗಳ ಕಾಲ ನಡೆಯಿತು.

ಇದರ ಜಾಣ್ಮೆ ತಿಳಿಯಲು ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಷ್ಟೇ, ಸಿಯಾಟಲ್‌ನವಲ್ಲ. 1956ರಲ್ಲಿ ಮೂವತ್ತರವರಿಗೆ ತರ್ಕದಲ್ಲಿ ಸರಾಸರಿ 50 ಅಂಕ, ಅರವತ್ತರವರಿಗೆ 40 ಅಂಕ ಬಂತೆನ್ನಿ. ಅಡ್ಡಛೇದ ವಿಧಾನದವರು ಮೂವತ್ತು ವರ್ಷದಲ್ಲಿ ಹತ್ತು ಅಂಕ ಸವೆಯಿತು ಎನ್ನುತ್ತಾರೆ. ಆ ಮೂವತ್ತರವರನ್ನೇ ಕಾದು, 1986ರಲ್ಲಿ ಅವರಿಗೆ ಅರವತ್ತಾದಾಗ ನೋಡಿದರೆ 48 ಅಂಕ. ಅಂದರೆ ಇಳಿದದ್ದು ಎರಡೇ. ಉಳಿದ ಎಂಟು ಅಂಕ ಎಲ್ಲಿಯದು? 1956ರ ಅರವತ್ತರವರನ್ನೂ 1986ರ ಅರವತ್ತರವರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಯಸ್ಸು ಒಂದೇ, ಅಂಕ ಮಾತ್ರ 40 ಮತ್ತು 48. ಒಂದು ಗುಂಪು ಹುಟ್ಟಿದ್ದು 1896ರಲ್ಲಿ, ಇನ್ನೊಂದು 1926ರಲ್ಲಿ. ಶಾಲೆಯಲ್ಲಿ ಕಳೆದ ವರ್ಷಗಳು, ಬಾಲ್ಯದ ಊಟ, ಕಾಯಿಲೆ, ಮಾಡಿದ ಉದ್ಯೋಗ, ಬರವಣಿಗೆಯ ಪರೀಕ್ಷೆಗಳ ರೂಢಿ, ಎಲ್ಲವೂ ಬೇರೆ. ಒಂದೇ ಕಾಲದಲ್ಲಿ ಹುಟ್ಟಿ ಬೆಳೆದವರ ಗುಂಪಿಗೆ ಸಂಶೋಧಕರು ಕೊಹಾರ್ಟ್ ಎನ್ನುತ್ತಾರೆ. ಈ ಎಂಟು ಅಂಕದ ಹೆಚ್ಚಿನ ಪಾಲು ಕೊಹಾರ್ಟ್‌ನ ಪರಿಣಾಮ. ಆ ಹಿರಿಯರು ಎಂಟು ಅಂಕ ಕಳೆದುಕೊಂಡಿರಲೇ ಇಲ್ಲ, ಅವು ಅವರಲ್ಲಿ ಮೊದಲಿನಿಂದಲೂ ಇರಲಿಲ್ಲ.

ಸಿಯಾಟಲ್‌ನಲ್ಲಿ ಕಂಡದ್ದೂ ಬಹುತೇಕ ಇದೇ. ಒಂದೇ ಬಾರಿಯ ಹೋಲಿಕೆಯಲ್ಲಿ ಬೇಗ ಇಳಿಯುವಂತೆ ತೋರಿದ ಸಾಮರ್ಥ್ಯಗಳಲ್ಲಿ ಹೆಚ್ಚಿನವು, ಅವೇ ಜನರನ್ನು ಹಿಂಬಾಲಿಸಿದಾಗ ಅರವತ್ತರ ಹತ್ತಿರದವರೆಗೂ ಗಟ್ಟಿಯಾಗಿ ನಿಂತವು. ಕೆಲಸದ ವೇಗ ಮಾತ್ರ ನಿಜವಾಗಿಯೇ ಬೇಗ ಕುಗ್ಗುತ್ತದೆ, ಅದು ಎರಡೂ ವಿಧಾನದಲ್ಲಿ ಕಂಡಿತು. ಇನ್ನೂ ಸ್ವಾರಸ್ಯದ್ದು ಕೂಡುವ ಕಳೆಯುವ ಲೆಕ್ಕದ ಕಥೆ. ತರ್ಕದಲ್ಲಿ ಪ್ರತಿ ಹೊಸ ಪೀಳಿಗೆ ಹಿಂದಿನದಕ್ಕಿಂತ ಮುಂದಿತ್ತು. ಲೆಕ್ಕದಲ್ಲಿ ಹಾಗಲ್ಲ. 1924ರ ಆಸುಪಾಸಿನಲ್ಲಿ ಹುಟ್ಟಿದವರು ಎಲ್ಲರಿಗಿಂತ ಮೇಲೆ, ಆಮೇಲೆ ಹುಟ್ಟಿದವರು ಕೆಳಗೆ. ಬಾಯಿಲೆಕ್ಕದ ಅಜ್ಜಂದಿರನ್ನು ಕಂಡವರಿಗೆ ಇದು ಹೊಸತಲ್ಲ. ಇಂಥ ಕಡೆ ಒಂದೇ ಬಾರಿಯ ಹೋಲಿಕೆ ವಯಸ್ಸಿನ ನಷ್ಟವನ್ನು ಹಿಗ್ಗಿಸುವುದಿಲ್ಲ, ಮುಚ್ಚಿಹಾಕುತ್ತದೆ. ಕೊಹಾರ್ಟ್ ಪರಿಣಾಮವೆಂದರೆ ಸದಾ ಮುದುಕರಿಗಾಗುವ ಅನ್ಯಾಯ ಎಂದುಕೊಳ್ಳುವುದು ತಪ್ಪು.

ಹಾಗಾದರೆ ಹಿಂಬಾಲಿಸುವ ವಿಧಾನವೇ ಸರಿಯೆಂದು ತೀರ್ಪು ಕೊಡಬಹುದೆ? ಅವಸರ ಬೇಡ. 500ರಲ್ಲಿ ಮರಳಿ ಬಂದವರು 303 ಎಂಬುದನ್ನು ನೆನೆಯಿರಿ. ಸತ್ತವರು, ಊರು ಬಿಟ್ಟವರು, ಹುಷಾರಿಲ್ಲದವರು, ಇನ್ನು ಸಾಕೆಂದವರು ಉದುರಿಹೋದರು. ಉದುರಿದವರ ಮೊದಲ ಬಾರಿಯ ಅಂಕ ಹೇಗಿದ್ದೀತು ಎಂದು ನೋಡುವುದು ಸುಲಭ, ಕಡತದಲ್ಲೇ ಇರುತ್ತದೆ. ಅವರ ಅಂಕ ಉಳಿದವರಿಗಿಂತ ಕಡಿಮೆಯಿತ್ತು. ಅಂದರೆ ಕೊನೆಗೆ ಅಳೆಯುವುದು ಗಟ್ಟಿಗರನ್ನು ಮಾತ್ರ, ಮುಪ್ಪು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದರ ಮೇಲೆ, ಅದೇ ಪರೀಕ್ಷೆಯನ್ನು ಎರಡನೇ ಸಲ ಬರೆಯುವವನಿಗೆ ಪರಿಚಯದ ಲಾಭವೂ ಉಂಟು.

ಶಾಯ್ ಪ್ರತಿ ಸುತ್ತಿನಲ್ಲೂ ಹೊಸಬರನ್ನು ಕರೆದದ್ದು ಇದಕ್ಕಾಗಿಯೇ. 1910ರಲ್ಲಿ ಹುಟ್ಟಿ 1956ರಲ್ಲೂ 1963ರಲ್ಲೂ ಪರೀಕ್ಷೆ ಬರೆದವರ ಪಕ್ಕದಲ್ಲಿ, ಅದೇ ಕಾಲಕ್ಕೆ ಹುಟ್ಟಿ 1963ರಲ್ಲಿ ಮೊದಲ ಬಾರಿಗೆ ಬರೆದವರನ್ನು ಇಡಬಹುದು. ವಯಸ್ಸೂ ಕೊಹಾರ್ಟೂ ಒಂದೇ. ಹಳಬರು ಮೇಲಿದ್ದರೆ, ಆ ಅಂತರ ಅಭ್ಯಾಸದಿಂದಲೋ ದುರ್ಬಲರು ಉದುರಿದ್ದರಿಂದಲೋ ಬಂದದ್ದು, ಅಷ್ಟನ್ನು ಕಳೆಯಬೇಕು. ಒಂದು ಗಂಟು ಮಾತ್ರ ಬಿಡಿಸಲಾಗದು. ಪರೀಕ್ಷೆ ನಡೆದ ಇಸವಿಯಿಂದ ಹುಟ್ಟಿದ ಇಸವಿ ಕಳೆದರೆ ವಯಸ್ಸು. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿಂತುಬಿಡುತ್ತದೆ. ಹೀಗಾಗಿ ವಯಸ್ಸು, ಹುಟ್ಟಿದ ಕಾಲ, ಪರೀಕ್ಷೆಯ ಕಾಲ ಮೂರರ ಪರಿಣಾಮವನ್ನೂ ಗಣಿತವೊಂದರಿಂದಲೇ ಪೂರ್ತಿ ಬೇರ್ಪಡಿಸಲಾಗದು. ಇವುಗಳಲ್ಲಿ ಯಾವುದಾದರೂ ಒಂದು ಮುಖ್ಯವಲ್ಲವೆಂದು ಸಂಶೋಧಕ ಊಹಿಸಲೇಬೇಕು, ಆ ಊಹೆಯನ್ನು ಬಾಯಿಬಿಟ್ಟು ಹೇಳಲೂಬೇಕು.

ನಮ್ಮಲ್ಲಿ ಪೀಳಿಗೆಗಳ ನಡುವಿನ ಕಂದಕ ಸಿಯಾಟಲ್‌ಗಿಂತ ಆಳ. 1951ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಸುಮಾರು ಶೇ. 18, 2011ರಲ್ಲಿ ಸುಮಾರು ಶೇ. 73. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದ ಹಳ್ಳಿಗರ ನೆನಪು, ಬುದ್ಧಿ, ಆರೋಗ್ಯಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅದರದು. ಇಂಥ ಕಡೆ ಮೊದಲ ಸುತ್ತಿನಲ್ಲಿ 75ರ ಅಜ್ಜಿಗೂ 50ರ ಮಗಳಿಗೂ ಕಾಣುವ ಅಂತರದಲ್ಲಿ ಮುಪ್ಪಿನ ಪಾಲೆಷ್ಟು, ಕಾಣದೇ ಹೋದ ಶಾಲೆಯ ಪಾಲೆಷ್ಟು ಎಂದು ಆ ಸುತ್ತೊಂದೇ ಹೇಳಲಾರದು. ಆ ಮಗಳಿಗೇ 60 ತುಂಬಿದಾಗ ಅವಳನ್ನು ಮತ್ತೆ ಅಳೆದರೆ ಉತ್ತರದ ಒಂದು ಭಾಗ ಸಿಗುತ್ತದೆ. ಆದ್ದರಿಂದ ಇಂತಿಷ್ಟು ವಯಸ್ಸಿನಿಂದ ನೆನಪು ಕುಂದುತ್ತದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಮೊದಲು ಹುಡುಕಬೇಕಾದ ಸಾಲು ಒಂದೇ: ಅಳೆದದ್ದು ಅವೇ ಜನರನ್ನೋ, ಬೇರೆ ಬೇರೆಯವರನ್ನೋ? ಬೇರೆಯವರನ್ನಾದರೆ, ಆ ಅಂಕಿ ಮುಪ್ಪಿನ ಬಗ್ಗೆ ಹೇಳುವುದಕ್ಕಿಂತ ಅವರು ಹುಟ್ಟಿ ಬೆಳೆದ ಕಾಲದ ಬಗ್ಗೆಯೇ ಹೆಚ್ಚು ಹೇಳುತ್ತಿರಬಹುದು.