ಪರಾವಲಂಬಿಯೋ, ಬಣ್ಣದ ಕಸವೋ?

ಮಲೇರಿಯಾ ಪರೀಕ್ಷೆಗೆ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಸವರಿ, ಗೀಮ್ಸಾ ಬಣ್ಣ ಹಾಕಿ, 1000 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಎಳೆಯ ಪರಾವಲಂಬಿ ಕೆಂಪು ರಕ್ತಕಣದೊಳಗೆ ಉಂಗುರದಂತೆ ಕಾಣುತ್ತದೆ. ನೀಲಿ ವೃತ್ತ ಅದರ ಕೋಶದ್ರವ್ಯ, ಅಂಚಿನ ಕೆಂಪು ಚುಕ್ಕಿ ಅದರ ಕೋಶಕೇಂದ್ರ. ಎರಡೂ ಬಣ್ಣ ಒಟ್ಟಿಗೆ ಕಾಣಬೇಕು.

ಬಣ್ಣವನ್ನು ಸರಿಯಾಗಿ ಸೋಸದಿದ್ದರೆ ಉಳಿಯುವ ಕಸವೂ ಚುಕ್ಕಿಯಾಗಿಯೇ ಕಾಣುತ್ತದೆ. ಆದರೆ ಅದು ಸಾಮಾನ್ಯವಾಗಿ ಒಂದೇ ಬಣ್ಣದ್ದು. ರಕ್ತಕಣಗಳ ನಡುವಿನ ಖಾಲಿ ಜಾಗದಲ್ಲೂ ಚೆಲ್ಲಿರುತ್ತದೆ. ಸಂಶಯ ಬಂದರೆ ಸೂಕ್ಷ್ಮದರ್ಶಕದ ಸಣ್ಣ ತಿರುಪನ್ನು ತುಸು ತಿರುಗಿಸಬೇಕು. ಪರಾವಲಂಬಿ ರಕ್ತಕಣದ ಜೊತೆಗೇ ಸ್ಪಷ್ಟವಾಗುತ್ತದೆ. ಕಸ ಮೇಲೆ ಕೂತಿರುವುದರಿಂದ, ಅದು ಸ್ಪಷ್ಟವಾದಾಗ ರಕ್ತಕಣ ಮಸುಕಾಗುತ್ತದೆ. ಆಗಲೂ ಅನುಮಾನ ಉಳಿದರೆ, ಬಣ್ಣ ಸೋಸಿ ಹೊಸ ಪಟ್ಟಿ ಮಾಡಿ ನೋಡುವುದೇ ಸರಿ.