ಲಸಿಕೆಯ ನಂತರ ಮುಟ್ಟು ಏರುಪೇರಾದರೆ...

"ಆ ಇಂಜೆಕ್ಷನ್ ತಗೊಂಡ ಮೇಲೇ ರೀ ನಂಗೆ ಹೀಗಾಗಿದ್ದು. ಅಲ್ಲೀವರೆಗೂ ಒಂದು ದಿನ ಆಚೆ ಈಚೆ ಆಗದೆ ಡೇಟ್ ಬರ್ತಿತ್ತು." ನಮ್ಮ ಪಕ್ಕದ ಮನೆಯವರು ಮೊನ್ನೆ ಮತ್ತೆ ಈ ಮಾತು ತೆಗೆದರು. ಕಾರಣ ಇದೆ. ಅವರ ಹದಿಮೂರು ವರ್ಷದ ಮಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದಾರೆ. ಇವರಿಗೋ 2021ರಲ್ಲಿ ತಾವು ಪಟ್ಟ ಪಾಡು ನೆನಪಾಗಿ ಹೆದರಿಕೆ.

ನಿಮಗೂ ಈ ಅನುಮಾನ ಬಂದಿರಬಹುದು. ಲಸಿಕೆಯಿಂದ ನಿಜವಾಗಿ ಮುಟ್ಟು ಹೆಚ್ಚುಕಡಿಮೆ ಆಗುತ್ತದೆಯೇ? ಆಗುತ್ತದೆ, ಆದರೆ ಸ್ವಲ್ಪ, ಅದೂ ಸ್ವಲ್ಪ ಕಾಲ. ಈ 'ಸ್ವಲ್ಪ' ಎಷ್ಟು ಅನ್ನೋದು ಗೊತ್ತಿದ್ದರೆ ಯಾವುದಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು ಎಂದು ನೀವೇ ಹೇಳಬಲ್ಲಿರಿ.

ಲೆಕ್ಕ ಏನು ಹೇಳುತ್ತದೆ?

2021ರ ಏಪ್ರಿಲ್‌ನಲ್ಲಿ ಮೊಬೈಲ್‌ಗಳಲ್ಲಿ ಹರಿದಾಡಿದ ಒಂದು ಸಂದೇಶ ನೆನಪಿದೆಯೇ? ಮುಟ್ಟಿಗೆ ಐದು ದಿನ ಮೊದಲು, ಐದು ದಿನ ನಂತರ ಹೆಣ್ಣುಮಕ್ಕಳು ಕೋವಿಡ್ ಲಸಿಕೆ ಹಾಕಿಸಿಕೊಳ್ಳಬಾರದು ಎಂದಿತ್ತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರ ಆಗಲೇ ಹೇಳಿತು. ಆದರೆ "ನನ್ನ ಡೇಟ್ ಮುಂದೆ ಹೋಯ್ತು", "ಸ್ರಾವ ಜಾಸ್ತಿ ಆಯ್ತು" ಎಂದು ಎಷ್ಟೋ ದೇಶಗಳ ಹೆಂಗಸರು ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಲಸಿಕೆಯ ಪ್ರಯೋಗ ನಡೆಸುವಾಗ ಜ್ವರ, ಕೈನೋವಿನ ಬಗ್ಗೆ ಕೇಳಿದವರು ಮುಟ್ಟಿನ ಬಗ್ಗೆ ಸರಿಯಾಗಿ ಕೇಳಿರಲಿಲ್ಲ. ಹಾಗಾಗಿ ಉತ್ತರ ಯಾರ ಬಳಿಯೂ ಇರಲಿಲ್ಲ.

ಉತ್ತರ ಸಿಕ್ಕಿದ್ದು 2022ರಲ್ಲಿ. ಅಮೆರಿಕದ ಆರೆಗಾನ್‌ನ ಸ್ತ್ರೀರೋಗ ತಜ್ಞೆ ಅಲಿಸನ್ ಎಡಲ್‌ಮನ್ ಮತ್ತು ಸಂಗಡಿಗರು, ಮೊಬೈಲ್ ಆಪ್‌ನಲ್ಲಿ ಪ್ರತಿ ತಿಂಗಳೂ ಡೇಟ್ ಬರೆದಿಡುತ್ತಿದ್ದ ಮಹಿಳೆಯರ ಲೆಕ್ಕ ತೆಗೆದರು. ಮೊದಲು ಸುಮಾರು 4 ಸಾವಿರ ಮಂದಿ, ಆಮೇಲೆ ಹಲವು ದೇಶಗಳ ಸುಮಾರು 20 ಸಾವಿರ ಮಂದಿ. ಲಸಿಕೆ ಪಡೆದ ತಿಂಗಳಲ್ಲಿ ಮುಟ್ಟು ಸರಾಸರಿ ಒಂದು ದಿನಕ್ಕಿಂತಲೂ ಕಡಿಮೆ ಮುಂದೆ ಹೋಗಿತ್ತು. ಹೆಚ್ಚಿನವರಿಗೆ ಮುಂದಿನ ಒಂದೆರಡು ತಿಂಗಳಲ್ಲಿ ಎಲ್ಲ ಮೊದಲಿನಂತೆ. ಕೋವಿಶೀಲ್ಡ್ ಮಾದರಿಯ ಲಸಿಕೆಯೇ ಇರಲಿ, ಕೋವ್ಯಾಕ್ಸಿನ್ ಮಾದರಿಯದೇ ಇರಲಿ, ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಸರಾಸರಿ ಒಂದು ದಿನ ಎಂದರೆ ಎಲ್ಲರಿಗೂ ಒಂದೇ ದಿನ ಅಂತಲ್ಲ. ಲಸಿಕೆ ಪಡೆದ ನೂರರಲ್ಲಿ ಸುಮಾರು ಆರು ಮಂದಿಗೆ ಎಂಟು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿತ್ತು. ಆದರೆ ಗಮನಿಸಿ, ಲಸಿಕೆಯನ್ನೇ ಪಡೆಯದ ನೂರರಲ್ಲಿ ಐದು ಮಂದಿಗೂ ಅಷ್ಟೇ ವ್ಯತ್ಯಾಸ ಆಗಿತ್ತು! ಅಂದರೆ ಮುಟ್ಟು ತನ್ನಷ್ಟಕ್ಕೆ ತಾನೂ ಹಿಂದೆ ಮುಂದೆ ಆಗುತ್ತದೆ. ಸ್ರಾವ ಹೆಚ್ಚಾಗುವುದನ್ನೂ ಯುರೋಪಿನ ಔಷಧ ನಿಯಂತ್ರಕರು 2022ರ ಅಕ್ಟೋಬರ್‌ನಲ್ಲಿ ಒಪ್ಪಿದರು. ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಮಾಹಿತಿ ಚೀಟಿಯಲ್ಲಿ ಅದನ್ನು ಸೇರಿಸಲು ಹೇಳಿ, ಹೆಚ್ಚಿನವು ತಾತ್ಕಾಲಿಕ ಎಂದೂ ತಿಳಿಸಿದರು.

ಹೀಗೇಕೆ?

ಮುಟ್ಟಿನ ದಿನ ನಿರ್ಧಾರವಾಗುವುದು ಮೆದುಳು ಮತ್ತು ಅಂಡಾಶಯದ ನಡುವಿನ ಹಾರ್ಮೋನುಗಳ ಮಾತುಕತೆಯಿಂದ. ಲಸಿಕೆ ಚುಚ್ಚಿದಾಗ ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಕೆಲಸಕ್ಕಿಳಿಯುತ್ತದೆ. ಆ ಗಲಾಟೆಯಲ್ಲಿ ಅಂಡಾಣು ಬಿಡುಗಡೆ ಒಂದೆರಡು ದಿನ ತಡವಾದರೆ ಮುಟ್ಟೂ ಅಷ್ಟೇ ತಡ. ಜ್ವರ ಬಂದಾಗ, ಪರೀಕ್ಷೆಯ ಟೆನ್ಷನ್ ಇದ್ದಾಗ ಡೇಟ್ ಮುಂದೆ ಹೋಗುವುದಿಲ್ಲವೇ, ಹಾಗೆಯೇ. ಇದಕ್ಕೆ ಹೊಂದುವಂತೆ, ಅಂಡಾಣು ಬಿಡುಗಡೆಗೆ ಮೊದಲಿನ ದಿನಗಳಲ್ಲಿ ಲಸಿಕೆ ಪಡೆದವರಿಗೆ ಮಾತ್ರ ಮುಟ್ಟು ತಡವಾಯಿತು, ನಂತರ ಪಡೆದವರಿಗೆ ಆಗಲಿಲ್ಲ ಎಂದು 2024ರ ಅಧ್ಯಯನ ತೋರಿಸಿತು.

ಪಕ್ಕದ ಮನೆಯವರಿಗೆ ಆಗಿದ್ದೇನು?

ಈಗ ಅವರ ಕಥೆಗೆ ಬರೋಣ. ಆಗ ಅವರಿಗೆ 43 ವರ್ಷ. ಗೋಡೆ ಕ್ಯಾಲೆಂಡರಿನಲ್ಲಿ ಡೇಟ್ ಗುರುತು ಹಾಕುವ ಅಭ್ಯಾಸ ಇತ್ತು. ಪ್ರತಿ ಸಲ 27, 28 ದಿನಕ್ಕೆ ಮುಟ್ಟು. 2021ರ ಜೂನ್‌ನಲ್ಲಿ, ಮುಟ್ಟಾದ ಒಂಬತ್ತನೇ ದಿನ ಮೊದಲ ಡೋಸ್ ಹಾಕಿಸಿಕೊಂಡರು. ಆ ಸಲ 32ನೇ ದಿನಕ್ಕೆ ಮುಟ್ಟಾಯಿತು. ಅದರ ಮುಂದಿನದು ಮತ್ತೆ 28ಕ್ಕೆ. ಲಸಿಕೆಯ ಪಾಲು ಏನಾದರೂ ಇದ್ದರೆ ಇಷ್ಟೇ, ನಾಲ್ಕು ದಿನ.

ಅಕ್ಟೋಬರ್‌ನಿಂದ ಶುರುವಾಯಿತು ಬೇರೆ ತೊಂದರೆ. ಹತ್ತು ದಿನ ಸ್ರಾವ, ಗಂಟೆಗೊಂದು ಪ್ಯಾಡ್, ಗಡ್ಡೆ ಗಡ್ಡೆ ರಕ್ತ. "ಲಸಿಕೆ ತಗೊಂಡಿದ್ದಕ್ಕೆ ಹೀಗೆ, ತಾನಾಗೇ ಸರಿಹೋಗುತ್ತೆ" ಎಂದು ಐದು ತಿಂಗಳು ಕಾದರು. ಎರಡನೇ ಡೋಸನ್ನೂ ಬಿಟ್ಟರು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ಮನೆಯವರು ಒತ್ತಾಯ ಮಾಡಿ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 7 ಇತ್ತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದೊಳಗೆ ಫೈಬ್ರಾಯ್ಡ್ ಗಡ್ಡೆ ಕಂಡಿತು. ಅಷ್ಟು ದೊಡ್ಡದು ಎರಡು ಮೂರು ತಿಂಗಳಲ್ಲಿ ಬೆಳೆಯುವಂಥದ್ದಲ್ಲ, ಲಸಿಕೆಗೆ ಮೊದಲೇ ಇದ್ದಿರಬೇಕು ಎಂದರು ಡಾಕ್ಟರು. ಗಡ್ಡೆ ತೆಗೆಸಿ, ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ ನುಂಗಿದ ಮೇಲೆ ಅವರು ಮೊದಲಿನಂತಾದರು. ತಪ್ಪು ಎಲ್ಲಾಯಿತು ನೋಡಿ. ನಿಜವಾದ ಕಾಯಿಲೆಗೆ ಲಸಿಕೆಯ ಹೆಸರಿಟ್ಟು ಸುಮ್ಮನೆ ಕುಳಿತದ್ದರಲ್ಲಿ.

ಡಾಕ್ಟರನ್ನು ಯಾವಾಗ ಕಾಣಬೇಕು?

ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿ. ದೊಡ್ಡವರಲ್ಲಿ 24ರಿಂದ 38 ದಿನದೊಳಗೆ ಬಂದು, ಎಂಟು ದಿನದೊಳಗೆ ನಿಂತರೆ ಸಹಜ. ಲಸಿಕೆಯ ನಂತರ ಒಂದೆರಡು ಸಲ ಸ್ವಲ್ಪ ಹಿಂದೆ ಮುಂದಾದರೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಸಾಕು. ಕೆಳಗಿನ ಲಕ್ಷಣಗಳಿದ್ದರೆ ಮಾತ್ರ ಲಸಿಕೆ ಹಾಕಿಸಿಕೊಂಡಿರಿ ಬಿಡಿ, ಕಾಯಬೇಡಿ:

* ಗಂಟೆಗೊಂದು ಪ್ಯಾಡ್ ತೊಯ್ದು, ಎರಡು ಮೂರು ಗಂಟೆ ಹಾಗೇ ಮುಂದುವರಿದರೆ, ಜೊತೆಗೆ ತಲೆ ಸುತ್ತಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.
* ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆಗಳು ಹೋಗುತ್ತಿದ್ದರೆ, ಸುಸ್ತು, ಏದುಸಿರು ಇದ್ದರೆ.
* ಏರುಪೇರು ಮೂರನೇ ಮುಟ್ಟಿನಲ್ಲೂ ಸರಿಹೋಗದಿದ್ದರೆ.
* ಎರಡು ಮುಟ್ಟಿನ ನಡುವೆ ಅಥವಾ ಗಂಡ-ಹೆಂಡತಿ ಸೇರಿದ ನಂತರ ರಕ್ತ ಕಂಡರೆ.
* ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ.
* ಡೇಟ್ ತಪ್ಪಿದರೆ ಮೊದಲು ಗರ್ಭ ನಿಂತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಗರ್ಭ ಇಲ್ಲದೆಯೂ ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಹೋಗುವಾಗ ಡೇಟ್‌ಗಳು, ದಿನಕ್ಕೆ ಎಷ್ಟು ಪ್ಯಾಡ್, ಲಸಿಕೆ ಪಡೆದ ದಿನ, ನುಂಗುತ್ತಿರುವ ಮಾತ್ರೆಗಳು ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಮಾನ್ಯವಾಗಿ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ನಲವತ್ತೈದು ದಾಟಿದವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸಬೇಕು ಎನ್ನಬಹುದು. ಗಾಬರಿ ಬೇಡ.

ಮಗಳ ಲಸಿಕೆಯ ವಿಷಯ? ಜಪಾನಿನಲ್ಲೂ ತಾಯಂದಿರು ಹೀಗೇ ಹೆದರಿದ್ದರು. ನಗೋಯಾ ನಗರದಲ್ಲಿ ಸುಮಾರು 30 ಸಾವಿರ ಹುಡುಗಿಯರನ್ನು ವಿಚಾರಿಸಿದಾಗ, ಮುಟ್ಟಿನ ಏರುಪೇರೂ ಸೇರಿ 24 ಬಗೆಯ ತೊಂದರೆಗಳಿಗೆ ಎಚ್‌ಪಿವಿ ಲಸಿಕೆ ಕಾರಣ ಎಂದು ಕಂಡುಬರಲಿಲ್ಲ. ಆ ವರದಿ ಪ್ರಕಟವಾದದ್ದು 2018ರಲ್ಲಿ. ಅಲ್ಲದೆ ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದಾಗುವುದು, ಲಸಿಕೆ ಇರಲಿ ಬಿಡಲಿ, ಸಾಮಾನ್ಯ.

ಇಷ್ಟು ಹೇಳಿದ ಮೇಲೆ ಪಕ್ಕದ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಅವಳಿಗೂ ಒಂದು ಕ್ಯಾಲೆಂಡರ್ ತಂದುಕೊಡ್ತೀನಿ. ಶನಿವಾರ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ" ಎಂದರು.